ಬ್ರೆಡ್ಡಕ್ಕನ ಹಿಮ್ಮಡಿ

ನನ್ನ ಅಕ್ಕನನ್ನು ಬೀದಿಯವರೆಲ್ಲ ಬ್ರೆಡ್ಡಕ್ಕ ಎನ್ನುತ್ತಾರೆ. ಅದು ಎದುರಿಗೆ. ಬೆನ್ನ ಹಿಂದೆ ಕೆಂಡದಕ್ಕ ಎನ್ನುತ್ತಾರೆಂದು ನನಗೂ ಗೊತ್ತು, ಅವಳಿಗೂ ಗೊತ್ತು, ಅದರಲ್ಲಿ ಅವಳಿಗೆ ಒಳಗೊಳಗೇ ಹೆಮ್ಮೆಯೂ ಇದೆ. ನಮ್ಮ ಮನೆಯಲ್ಲಿ ಸಿಟ್ಟು ಎಲ್ಲರಿಗೂ ಮೂಗಿನ ತುದಿಯಲ್ಲೇ ಇರುತ್ತದೆ. ಅಪ್ಪನಿಂದ ಬಂದ ಆಸ್ತಿಯಲ್ಲಿ ತಕರಾರಿಲ್ಲದೆ ಮೂವರಿಗೂ ಸಮನಾಗಿ ಹಂಚಿಕೆಯಾಗಿದ್ದು ಅದೊಂದೇ. ಈ ಕಥೆಯನ್ನೂ ನಾನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ತಣ್ಣಗಾದ ಮೇಲೆ ಬರೆಯೋಣವೆಂದು ಕಾದೆ, ತಣ್ಣಗಾಗಲಿಲ್ಲ.

ಅಪ್ಪನ ಬೇಕರಿ ಇರುವುದು ಎರಡು ಬೀದಿ ಕೂಡುವ ಮೂಲೆಯಲ್ಲಿ. ಮುಂದೆ ಅಂಗಡಿ, ಹಿಂದೆ ಒಲೆಮನೆ, ಅದರ ಹಿಂದೆ ನಾವಿರುವ ಎರಡು ಕೋಣೆ. ಒಲೆ ಇಟ್ಟಿಗೆಯದು, ಗೋಡೆಯೊಳಗೆ ಕಟ್ಟಿದ್ದು, ಒಳಗೆ ಒಬ್ಬ ಮನುಷ್ಯ ಮಲಗುವಷ್ಟು ಜಾಗವಿದೆ. ಅಪ್ಪ ಅದರ ಕೆಲಸವನ್ನು ತಮ್ಮನಿಗೆ ಕಲಿಸಬೇಕೆಂದಿದ್ದ. ತಮ್ಮ ಒಂದು ವಾರ ನಿಂತು, ಹುಬ್ಬು ಸುಟ್ಟುಕೊಂಡು, ಈ ಸೆಕೆ ನನಗೆ ಆಗಿಬರೋದಿಲ್ಲ ಎಂದು ಹೊರಗೆ ಹೋದವನು ಮತ್ತೆ ಒಳಗೆ ಬರಲಿಲ್ಲ. ಆಗ ಅಕ್ಕ ಯಾರನ್ನೂ ಕೇಳದೆ ಅಪ್ಪನ ಉದ್ದ ಹಿಡಿಯ ಹಲಗೆಯನ್ನು ಕೈಗೆ ತೆಗೆದುಕೊಂಡು ಬ್ರೆಡ್ಡುಗಳನ್ನು ಒಳಗೆ ತಳ್ಳಿದಳು. ಮದುವೆಯಾಗಿ ಹೋದವಳು ವರ್ಷ ತುಂಬುವ ಮೊದಲೇ ವಾಪಸು ಬಂದಳು. ಕಾರಣ ಕೇಳಿದವರಿಗೆಲ್ಲ, ಅವನು ನಾನು ಮಾಡಿದ ಬ್ರೆಡ್ಡನ್ನು ಹಿಸುಕಿ ನೋಡಿದ, ಎಂದಷ್ಟೇ ಹೇಳಿದಳು. ಅದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಅವಳ ಸಂಸಾರವೆಲ್ಲ ಆ ಒಲೆಯ ಜೊತೆಗೇ.

ನಾನು ಅಂಗಡಿಯ ಮುಂದೆ ಕೂರುವವಳು. ಗಂಡ ತೀರಿಕೊಂಡ ಮೇಲೆ ಬಂದು ಸೇರಿಕೊಂಡೆ. ತಮ್ಮ ಊರೆಲ್ಲ ತಿರುಗಿ ಆರ್ಡರ್ ತರುತ್ತಾನೆ. ಹಾಸ್ಟೆಲು, ಕ್ಯಾಂಟೀನು, ಆಸ್ಪತ್ರೆ ಎಂದು ಬಾಯಿಗೆ ಬಂದಷ್ಟು ಒಪ್ಪಿಕೊಂಡು ಬರುತ್ತಾನೆ. ಮಾಡುವವಳು ಅಕ್ಕ. ಬೆಳಕು ಹರಿಯುವ ಮೊದಲು ಒಲೆಯ ಮುಂದೆ ನಿಂತರೆ ಮಧ್ಯಾಹ್ನದವರೆಗೆ ನಿಂತೇ ಇರುತ್ತಾಳೆ. ಕೆಳಗೆ ಸಿಮೆಂಟ್ ನೆಲ, ಎದುರಿಗೆ ಬೆಂಕಿಯ ಝಳ, ಗಾಳಿಯಲ್ಲಿ ಒಣ ಹಿಟ್ಟಿನ ಪುಡಿ. ಕಾಲಲ್ಲಿ ಹಿಂದುಗಡೆ ಪೂರ್ತಿ ತೆರೆದಿರುವ ರಬ್ಬರ್ ಚಪ್ಪಲಿ. ಇದರ ಮೇಲೆ ಸಕ್ಕರೆ ಕಾಯಿಲೆ ಬೇರೆ, ಅದು ಬಂದು ಹತ್ತು ವರ್ಷದ ಮೇಲಾಯಿತು. ಮಾತ್ರೆ ನುಂಗುತ್ತಾಳೆ, ಮರೆತಾಗ ಮರೆತೆ ಎಂದು ಒಪ್ಪಿಕೊಳ್ಳುವುದಿಲ್ಲ.

ಅವಳ ಹಿಮ್ಮಡಿ ಒಡೆದಿತ್ತು. ಒಡೆದಿತ್ತು ಎಂದರೆ ಎಲ್ಲರಿಗೂ ಗೊತ್ತಿರುವ ಆ ಸಣ್ಣ ಗೀರುಗಳಲ್ಲ. ಹಿಮ್ಮಡಿಯ ಅಂಚಿನ ಸುತ್ತ ಚರ್ಮ ಹಳದಿಗಟ್ಟಿ, ಹಳೇ ಬ್ರೆಡ್ಡಿನ ಸಿಪ್ಪೆಯ ಹಾಗೆ ದಪ್ಪವಾಗಿತ್ತು. ಮೇಲೆ ನಿಂತು ಭಾರ ಬಿದ್ದಾಗ ಆ ದಪ್ಪ ಚರ್ಮ ಬಗ್ಗುವುದಿಲ್ಲ, ಸೀಳುತ್ತದೆ. ಎಡಗಾಲಿನಲ್ಲಿ ಒಂದು ಸೀಳು ಎಷ್ಟು ಆಳಕ್ಕೆ ಹೋಗಿತ್ತೆಂದರೆ ಅದರ ತಳದಲ್ಲಿ ಕೆಂಪು ಕಾಣುತ್ತಿತ್ತು. ಒಂದು ಬೆಳಗ್ಗೆ ಒಲೆಮನೆಯಲ್ಲಿ ಹಿಟ್ಟು ಬಿದ್ದ ನೆಲದ ಮೇಲೆ ರಕ್ತದ ಗುರುತು ನೋಡಿದೆ. ಅಕ್ಕ ಅದನ್ನು ಚಪ್ಪಲಿಯಲ್ಲಿ ಒರೆಸಿಬಿಟ್ಟು, ಜಾಮ್ ಬಿದ್ದಿರ್ಬೇಕು ಅಂದಳು. ನಮ್ಮ ಬೇಕರಿಯಲ್ಲಿ ಜಾಮ್ ಮಾಡುವುದೇ ಇಲ್ಲ.

ಸಿಟ್ಟು ನನಗೆ ಬಂದದ್ದು ಅವಳ ಮೇಲೊಂದೇ ಅಲ್ಲ. ಹಿಮ್ಮಡಿ ಎಂದರೆ ಯಾರಿಗೂ ಲೆಕ್ಕಕ್ಕಿಲ್ಲ. ಅಂಗಡಿಗೆ ಬರುವ ಹೆಂಗಸರಿಗೆ ಹೇಳಿದರೆ ನಮಗೂ ಒಡೆದಿದೆ ಎಂದು ಸೀರೆ ಎತ್ತಿ ತೋರಿಸಿದರು. ಮೂಲೆಯ ಔಷಧಿ ಅಂಗಡಿಯವನು ಆಣಿಗೆ ಅಂಟಿಸುವ ಪಟ್ಟಿ ಕೊಡಲು ಬಂದ. ಅದರಲ್ಲಿ ಚರ್ಮ ಸುಡುವ ಆಮ್ಲ ಇರುತ್ತದೆ, ಸಕ್ಕರೆ ಕಾಯಿಲೆಯವರು ಬಳಸಬಾರದೆಂದು ಆ ಪೊಟ್ಟಣದ ಮೇಲೇ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಓದಿ ತೋರಿಸಿದೆ. ಅಷ್ಟೆಲ್ಲ ಓದಿದರೆ ಯಾವ ಔಷಧವನ್ನೂ ತೆಗೆದುಕೊಳ್ಳುವ ಹಾಗಿಲ್ಲ ಎಂದು ನಕ್ಕ. ತಮ್ಮನಂತೂ, ಹಿಮ್ಮಡಿ ಒಡೆದು ಸತ್ತವರನ್ನು ನೀನು ನೋಡಿದ್ದೀಯಾ ಎಂದು ಕೇಳಿದ. ಅಕ್ಕನ ಮಾತು ಇನ್ನೂ ಚೆನ್ನಾಗಿತ್ತು.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತೆ. ಈ ವಯಸ್ಸಲ್ಲಿ ನಾನು ಹಿಮ್ಮಡಿ ಯಾರಿಗೆ ತೋರಿಸ್ಬೇಕು?"

ನನ್ನ ರಕ್ತದ ಒತ್ತಡ ನೋಡಿಸಲು ಹೋಗುವ ಕ್ಲಿನಿಕ್ಕಿನಲ್ಲಿ ಕಾಲಿನ ಗಾಯಗಳಿಗೆಂದೇ ಒಬ್ಬ ನರ್ಸ್ ಇದ್ದಾರೆ. ನಡುವಯಸ್ಸಿನವರು, ಮಾತು ಕಡಿಮೆ, ಕೈ ಚುರುಕು. ಅವರನ್ನು ಕೇಳಿದೆ. ನೋಡದೆ ಏನೂ ಹೇಳಲಾರೆ, ಕರೆದುಕೊಂಡು ಬನ್ನಿ ಎಂದರು. ಅವಳು ಬರುವ ಪೈಕಿ ಅಲ್ಲ ಎಂದು ಬೇಡಿಕೊಂಡ ಮೇಲೆ ಸದ್ಯಕ್ಕೆ ಮಾಡಬೇಕಾದ್ದನ್ನು ಹೇಳಿದರು. ಉಗುರುಬೆಚ್ಚಗಿನ ನೀರಲ್ಲಿ ತೊಳೆಯಬೇಕು, ಬಿಸಿಯನ್ನು ಕಾಲಿನಿಂದಲ್ಲ, ಮೊಣಕೈಯಿಂದ ನೋಡಬೇಕು, ತುಂಬ ಹೊತ್ತು ನೆನೆಹಾಕಬಾರದು. ಒತ್ತಿ ಒರೆಸಬೇಕು, ಬೆರಳ ಸಂದಿಯನ್ನಂತೂ ಪೂರ್ತಿ ಒಣಗಿಸಬೇಕು. ಯೂರಿಯಾ ಇರುವ ಮುಲಾಮನ್ನು ಹಿಮ್ಮಡಿಗೆ, ಅಂಗಾಲಿಗೆ ದಿನಕ್ಕೆರಡು ಸಲ ಹಚ್ಚಬೇಕು, ಬೆರಳ ಸಂದಿಗೆ ಬೇಡ, ಬಾಯಿಬಿಟ್ಟು ರಕ್ತ ಬರುವ ಸೀಳಿನೊಳಗೂ ಬೇಡ. ಬ್ಲೇಡು, ಉಜ್ಜುವ ಕಲ್ಲು ಮುಟ್ಟಲೇಬಾರದು. ಹಿಂದುಗಡೆ ಮುಚ್ಚಿದ ಬೂಟು, ಹತ್ತಿಯ ಕಾಲುಚೀಲ. ಇಷ್ಟು ಹೇಳಿ ಕೊನೆಗೆ, ರಕ್ತ ಬಂದಿದೆ ಅಂದ್ರಲ್ಲ, ಅದಕ್ಕೆ ಮುಲಾಮು ಸಾಲದು, ಈ ವಾರದಲ್ಲೇ ಕರ್ಕೊಂಡು ಬನ್ನಿ ಎಂದು ಇನ್ನೊಮ್ಮೆ ಹೇಳಿದರು.

ಕ್ಲಿನಿಕ್ಕಿಗೆ ಬಾ ಎಂದರೆ ಅಕ್ಕ ಬರಲಿಲ್ಲ, ಮುಲಾಮು ತಂದು ಅವಳ ಮುಂದೆ ಇಟ್ಟೆ. ಕೊಳವೆಯನ್ನು ತಿರುಗಿಸಿ ಓದಿದಳು.

"ಯೂರಿಯಾನಾ? ನಾನೇನು ಗದ್ದೆ ಏನೇ?"

ಎರಡು ದಿನ ಹಚ್ಚಿದಳು. ಬಿರುಕು ಹೋಗಲಿಲ್ಲ ಎಂದು ಬಿಟ್ಟಳು. ವರ್ಷಗಟ್ಟಲೆ ಗಟ್ಟಿಯಾದದ್ದು ಎರಡು ದಿನಕ್ಕೆ ಮೆತ್ತಗಾಗಬೇಕಂತೆ. ಹಿಟ್ಟು ಉಬ್ಬಲು ಕಾಯುವ ತಾಳ್ಮೆ ಇರುವ ಹೆಂಗಸಿಗೆ ತನ್ನ ಕಾಲಿನ ವಿಷಯದಲ್ಲಿ ಅದರ ಕಾಲುಭಾಗವೂ ಇರಲಿಲ್ಲ. ಆಮೇಲೆ ತನ್ನದೇ ಬುದ್ಧಿ ಓಡಿಸಿದಳು. ಬೇಕರಿಯವರಿಗೆಲ್ಲ ಗೊತ್ತಿರುವ ಒಂದು ಸಂಗತಿ ಇದೆ: ಸಿಪ್ಪೆ ಗಟ್ಟಿಯಾದ ಬ್ರೆಡ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೆಳಗಾಗುವುದರೊಳಗೆ ಸಿಪ್ಪೆ ಮೆತ್ತಗಾಗುತ್ತದೆ. ಅಕ್ಕ ತನ್ನ ಕಾಲಿಗೂ ಅದನ್ನೇ ಮಾಡಿದಳು. ಬ್ರೆಡ್ ಅಚ್ಚಿಗೆ ಸವರುವ ವನಸ್ಪತಿಯನ್ನು ಒಂದು ಬಟ್ಟಲಿಗೆ ತೆಗೆದುಕೊಂಡು, ಎರಡೂ ಪಾದಕ್ಕೆ, ಬೆರಳ ಸಂದಿಗೆ, ಆ ಸೀಳಿನೊಳಗೆ ಮೆತ್ತಿ, ಹಿಟ್ಟು ಮುಚ್ಚುವ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ದಪ್ಪ ಕಾಲುಚೀಲ ಎಳೆದುಕೊಂಡು ಮಲಗಿದಳು. ಕೆಲಸದ ಹೊತ್ತಿನಲ್ಲೂ ಹಾಗೆಯೇ ಒಲೆಯ ಮುಂದೆ ನಿಂತಳು. ನಾನು ಇದನ್ನು ಕಂಡಿದ್ದು ಒಂದು ವಾರ ಕಳೆದ ಮೇಲೆ, ಅವಳೇ ಕಾಲು ಬಿಚ್ಚಿ ಮೆರೆದಾಗ.

ನಿಜ, ಹಿಮ್ಮಡಿ ಮೆತ್ತಗಾಗಿತ್ತು. ಅಂಗಡಿಗೆ ಬಂದವರನ್ನೆಲ್ಲ ಒಳಗೆ ಕರೆದು ಮುಟ್ಟಿ ನೋಡಿ ಎಂದಳು. ಡಾಕ್ಟರಿಗೆ ಓದಿ ಬರುತ್ತೆ, ನನಗೆ ಮಾಡಿ ಬರುತ್ತೆ ಎಂದು ಡಂಗುರ ಹೊಡೆದಳು. ನನಗೆ ಕಂಡದ್ದು ಬೇರೆ. ಬೆರಳುಗಳ ನಡುವೆ ಚರ್ಮ ಬೆಳ್ಳಗೆ ನೆನೆದು ಸುಲಿಯುತ್ತಿತ್ತು. ಎಡಗಾಲಿನ ಆಳದ ಸೀಳು ಮುಚ್ಚಿರಲಿಲ್ಲ, ಅದರ ಅಂಚು ನೆನೆದ ಬಟ್ಟೆಯ ಹಾಗೆ ಜೋಲುಬಿದ್ದಿತ್ತು. ನಾಳೆ ಕ್ಲಿನಿಕ್ಕಿಗೆ ಹೋಗೋಣ ಎಂದೆ. ಅದೇ ಹೊತ್ತಿಗೆ ತಮ್ಮ ಬಂದ. ಮೂರು ಹಾಸ್ಟೆಲುಗಳು ಒಂದೇ ವಾರದಲ್ಲಿ ಬಾಗಿಲು ತೆರೆಯುತ್ತಿದ್ದವು, ಮೂರಕ್ಕೂ ಬ್ರೆಡ್ ಒಪ್ಪಿಕೊಂಡು ಬಂದಿದ್ದ. ಕಾಲು ನೋಡಿದ. ತೋರಿಸುವುದು ಒಳ್ಳೆಯದೇ, ಆದರೆ ಅವಸರವೂ ಇಲ್ಲ, ನೋಡೋಣ, ಆರ್ಡರ್ ಮುಗಿಯಲಿ ಎಂದ. ನನ್ನ ತಮ್ಮ ಮಾತಾಡುವುದೇ ಹಾಗೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಬೆಳಕು ಯಾವ ಕಡೆ ಬೀಳಬೇಕೆಂದು ಅವನಿಗೆ ಮಾತ್ರ ಗೊತ್ತಿರುತ್ತದೆ. ಅಕ್ಕ ತಕ್ಷಣ ಅವನ ಕಡೆ ಸೇರಿಕೊಂಡಳು. ಎತ್ತು ಏರಿಗೆ, ಕೋಣ ನೀರಿಗೆ ಎಳೆದರೆ ಪರವಾಗಿಲ್ಲ, ಎರಡೂ ಸೇರಿ ನೀರಿಗೇ ಎಳೆದರೆ ಒಬ್ಬಳು ತಡೆಯುವುದು ಹೇಗೆ?

ಆ ವಾರವೆಲ್ಲ ಅವಳು ಕಾಲು ತೋರಿಸಲಿಲ್ಲ. ಕೇಳಿದರೆ ಚೆನ್ನಾಗಿದೆ ಎನ್ನುತ್ತಿದ್ದಳು. ಮನೆಯಲ್ಲಿ ಬೆರಳು ಚುಚ್ಚಿ ಸಕ್ಕರೆ ನೋಡುವ ಸಣ್ಣ ಯಂತ್ರ ಇದೆ. ಊಟ ಬದಲಾಗಿರಲಿಲ್ಲ, ಮಾತ್ರೆ ತಪ್ಪದಂತೆ ನಾನೇ ಎದುರು ನಿಂತು ಕೊಡುತ್ತಿದ್ದೆ, ಆದರೂ ಸಕ್ಕರೆ ಏರುತ್ತ ಹೋಯಿತು. ಯಂತ್ರ ಕೆಟ್ಟಿದೆ ಎಂದಳು. ಅದೇ ಯಂತ್ರದಲ್ಲಿ ನನ್ನದನ್ನು ನೋಡಿಕೊಂಡೆ, ಸರಿಯಾಗಿಯೇ ತೋರಿಸಿತು. ಹಾಗಾದ್ರೆ ಅದಕ್ಕೆ ನನ್ನ ಕಂಡ್ರೆ ಆಗಲ್ಲ ಎಂದಳು. ಮೈಯಲ್ಲಿ ಎಲ್ಲಾದರೂ ಸೋಂಕು ಸೇರಿದರೆ ಕಾರಣವಿಲ್ಲದೆ ಸಕ್ಕರೆ ಏರುತ್ತದೆಂದು ನನಗೆ ಆಗ ಯಾರೂ ಹೇಳಿರಲಿಲ್ಲ.

ಒಲೆಮನೆಯಲ್ಲಿ ಯಾವಾಗಲೂ ಹುಳಿಹಿಟ್ಟಿನ, ಯೀಸ್ಟಿನ ವಾಸನೆ. ಅಲ್ಲಿ ಇನ್ನೊಂದು ವಾಸನೆ ಹುಟ್ಟಿದರೆ ಗೊತ್ತಾಗುವುದಿಲ್ಲ. ಅಲ್ಲಿ ಗೋಡೆ ಬಿಸಿ, ಮೇಜು ಬಿಸಿ, ಬಾಗಿಲ ಚಿಲಕ ಬಿಸಿ. ಒಂದು ಕಾಲು ಬಿಸಿಯಾದರೆ ಯಾರಿಗೆ ಗೊತ್ತಾಗಬೇಕು? ಆರ್ಡರಿನ ಮಧ್ಯದಲ್ಲೇ ಹೊಗೆಕೊಳವೆಯಲ್ಲಿ ಮಸಿ ಕಟ್ಟಿಕೊಂಡು ಒಲೆ ಹೊಗೆಯಾಡಲು ಶುರುಮಾಡಿತು. ಅದನ್ನು ಕೆರೆದು ತೆಗೆಸಲು ಒಂದು ದಿನ ಒಲೆ ಆರಿಸಲೇಬೇಕಾಯಿತು. ತಮ್ಮ ತಲೆ ಮೇಲೆ ಕೈ ಹೊತ್ತುಕೊಂಡು ಕುಳಿತ. ಆ ಮಸಿಗೆ ನಾನು ಇವತ್ತಿಗೂ ಋಣಿ.

ಒಲೆ ತಣ್ಣಗಾಯಿತು. ಹಿಟ್ಟಿನ ತೊಟ್ಟಿಯನ್ನೆಲ್ಲ ತೊಳೆದು ಬಿಸಿಲಿಗಿಟ್ಟೆ. ನೆಲ ಉಜ್ಜಿದೆ. ಎಲ್ಲ ಮುಗಿದ ಮೇಲೂ ಒಂದು ವಾಸನೆ ಉಳಿಯಿತು, ಎಲ್ಲೋ ಮೂಲೆಯಲ್ಲಿ ಹಿಟ್ಟು ಕೊಳೆತ ಹಾಗೆ. ಮೇಜಿನ ಕೆಳಗೆ ಹುಡುಕಿದೆ, ಅಟ್ಟ ಹುಡುಕಿದೆ, ಇಲಿ ಸತ್ತಿರಬೇಕೆಂದು ಮೂಟೆಗಳನ್ನೆಲ್ಲ ಸರಿಸಿದೆ. ಅಕ್ಕ ಎದ್ದು ಕೋಣೆಗೆ ಹೋದಳು, ವಾಸನೆಯೂ ಹೋಯಿತು. ಅವಳು ತಿರುಗಿ ಬಂದಳು, ಅದೂ ಬಂತು.

ಕೂತ್ಕೋ ಎಂದೆ. ಏನೇ ನಿಂದು ಎಂದಳು. ಕೂರಿಸಿ ಕಾಲುಚೀಲ ಎಳೆದೆ. ಎಡಗಾಲಿನದು ಹಿಮ್ಮಡಿಯ ಹತ್ತಿರ ಹಳದಿಯಾಗಿ ಒದ್ದೆಯಾಗಿತ್ತು, ಚರ್ಮಕ್ಕೆ ಅಂಟಿಕೊಂಡಿತ್ತು. ಪ್ಲಾಸ್ಟಿಕ್ ಹಾಳೆ ಬಿಚ್ಚಿದಾಗ ವಾಸನೆ ಮುಖಕ್ಕೆ ಹೊಡೆಯಿತು. ಸೀಳಿನಿಂದ ಏನೋ ಒಸರುತ್ತಿತ್ತು. ಸುತ್ತ ಕೆಂಪಾಗಿ, ಆ ಕೆಂಪು ಪಕ್ಕಕ್ಕೆ ಹರಡಿ ಕಾಲಗಂಟಿನ ಕಡೆಗೆ ಹೊರಟಿತ್ತು. ಕೈಯ ಹಿಂಭಾಗದಿಂದ ಎರಡೂ ಹಿಮ್ಮಡಿ ಮುಟ್ಟಿ ನೋಡಿದೆ. ಬಲಗಾಲು ಆ ದಿನದ ನೆಲದಷ್ಟೇ ತಣ್ಣಗಿತ್ತು. ಎಡಗಾಲು ಆಗತಾನೆ ಒಲೆಯಿಂದ ತೆಗೆದ ಹಾಗೆ ಬಿಸಿ. ಕಣ್ಣು ಮುಚ್ಚಿದರೂ ಯಾವುದು ಯಾವುದೆಂದು ಹೇಳಬಹುದಿತ್ತು. ನೋಯುತ್ತಾ ಎಂದು ಕೇಳಿದೆ. ನೋವಿಲ್ಲ ಎಂದಳು. ಕೀವು ಸುರಿಯುವ ಕಾಲು, ನೋವಿಲ್ಲವಂತೆ. ನನಗೆ ಅದನ್ನು ಕೇಳಿ ಇನ್ನಷ್ಟು ಭಯವಾಯಿತು, ಭಯವಾದಾಗ ನಮ್ಮ ಮನೆಯವರು ಮಾಡುವುದನ್ನೇ ನಾನೂ ಮಾಡಿದೆ: ಬೈಯಲು ಶುರುಮಾಡಿದೆ.

ತಮ್ಮ ಓಡಿಬಂದ. ಔಷಧಿ ಅಂಗಡಿಯಿಂದ ಒಂದು ಆಂಟಿಬಯೋಟಿಕ್ ತರುತ್ತೇನೆ, ನಾಳೆ ಒಂದು ದಿನ ಹೇಗಾದರೂ ನಿಭಾಯಿಸಿಬಿಡಲಿ, ನಾಡಿದ್ದು ದೊಡ್ಡ ಆಸ್ಪತ್ರೆಗೇ ಹೋಗೋಣ ಎಂದ. ಅಕ್ಕ ಹೌದು ಹೌದು ಎಂದು ಆಗಲೇ ಕಾಲುಚೀಲ ಹುಡುಕುತ್ತಿದ್ದಳು. ಹಾಸ್ಟೆಲ್ ಮಕ್ಕಳು ಬ್ರೆಡ್ ಇಲ್ಲದೆ ಉಪವಾಸ ಇರಬೇಕಾ ಎಂದು ನನ್ನನ್ನೇ ದಬಾಯಿಸಿದಳು. ನಾನು ಒಳಗೆ ಹೋಗಿ, ಕಪಾಟಿನಲ್ಲಿದ್ದ ಯೀಸ್ಟಿನ ಡಬ್ಬಗಳನ್ನೆಲ್ಲ ತೆಗೆದು, ಒಂದೊಂದಾಗಿ ಬಚ್ಚಲಿಗೆ ಸುರಿದು ನೀರು ಬಿಟ್ಟೆ. ಹುಳಿಹಿಟ್ಟಿನ ಪಾತ್ರೆಯನ್ನೂ ಬಿಡಲಿಲ್ಲ. ಅದು ಅಪ್ಪನ ಕಾಲದಿಂದ ಉಳಿಸಿಕೊಂಡು ಬಂದದ್ದು, ಗೊತ್ತಿತ್ತು. ಗೊತ್ತಿದ್ದೇ ಸುರಿದೆ. ಯೀಸ್ಟ್ ಇಲ್ಲದೆ ನಾಳೆ ಯಾರು ಬ್ರೆಡ್ ಮಾಡುತ್ತೀರೋ ಮಾಡಿ ಎಂದೆ. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಅವಳು ನನ್ನ ಕೆನ್ನೆಗೆ ಹೊಡೆದದ್ದು ಚಿಕ್ಕವಳಿದ್ದಾಗ ಬಿಟ್ಟರೆ ಆವತ್ತೇ. ಹೊಡೆಸಿಕೊಂಡು ಆಟೋ ಕರೆಸಿದೆ.

ಕ್ಲಿನಿಕ್ಕಿನವರೆಗೂ ಅವಳು ಬಾಯಿ ಮುಚ್ಚಲಿಲ್ಲ. ನರ್ಸ್ ಅವಳನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ ಕಾಲಿನ ಕೆಳಗೆ ಬಿಳಿ ಬಟ್ಟೆ ಹಾಸಿದರು. ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದರು, ಇದನ್ನು ದಾಟಿದರೆ ಹರಡುತ್ತಿದೆ ಎಂದು ಲೆಕ್ಕ ಎಂದರು. ಪ್ಲಾಸ್ಟಿಕ್ ಸುತ್ತಿದ್ದ ಕಥೆಯನ್ನು ನಾನು ಹೇಳಿದೆ. ಅಕ್ಕ ಬ್ರೆಡ್ಡಿನ ಸಿಪ್ಪೆಯ ಶಾಸ್ತ್ರವನ್ನು ಅಲ್ಲೂ ಬಿಡದೆ ವಿವರಿಸಿದಳು. ನರ್ಸ್ ಪೂರ್ತಿ ಕೇಳಿಸಿಕೊಂಡರು.

"ಸರಿ ಅಮ್ಮ. ಅದೇ ಬ್ರೆಡ್ಡನ್ನ ಅದೇ ಚೀಲದಲ್ಲಿ ಒಂದು ವಾರ ಬಿಟ್ರೆ ಏನಾಗುತ್ತೆ?"

ಬೂಷ್ಟು ಬರುತ್ತದೆಂದು ಅಕ್ಕನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆಮೇಲೆ ನರ್ಸ್ ಒಂದು ಪರೀಕ್ಷೆ ಮಾಡಿದರು. ಹಿಡಿಯ ತುದಿಗೆ ಗಟ್ಟಿ ನೈಲಾನ್ ಎಳೆ ಕಟ್ಟಿದ್ದ ಸಣ್ಣ ಸಾಮಾನು. ಕಣ್ಣು ಮುಚ್ಚಿಕೊಳ್ಳಿ, ಪಾದಕ್ಕೆ ಇದು ತಾಗಿದಾಗ ಹೂಂ ಅನ್ನಿ ಎಂದರು. ಅಕ್ಕ ಕಣ್ಣು ಮುಚ್ಚಿದಳು. ನರ್ಸ್ ಹೆಬ್ಬೆರಳಿಗೆ ಒತ್ತಿದರು, ಎಳೆ ಬಾಗಿತು, ಅಕ್ಕ ಸುಮ್ಮನಿದ್ದಳು. ಅಂಗಾಲಿಗೆ ಒತ್ತಿದರು, ಸುಮ್ಮನಿದ್ದಳು. ಆಮೇಲೆ ನರ್ಸ್ ಕೈಯನ್ನು ಪೂರ್ತಿ ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು.

"ಹೂಂ," ಎಂದಳು ಅಕ್ಕ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಹೂಂ."

ಯಾರೂ ಮುಟ್ಟಿರಲಿಲ್ಲ. ಬಲಗಾಲಿಗೂ ಹಾಗೆಯೇ ಆಯಿತು. ಒತ್ತಿದಾಗ ಸುಮ್ಮನೆ, ಮುಟ್ಟದಿದ್ದಾಗ ಹೂಂ. ಪರೀಕ್ಷೆಗೆ ಓದದೆ ಬಂದ ಮಗು ಬಾಯಿಗೆ ಬಂದ ಉತ್ತರ ಹೇಳುವ ಹಾಗೆ, ತಲೆ ಎತ್ತಿಕೊಂಡು, ಗಟ್ಟಿಯಾಗಿ ಹೇಳುತ್ತಿದ್ದಳು.

ಎಷ್ಟು ದಿನದಿಂದ ಹೀಗೆ ಎಂದು ನರ್ಸ್ ಕೇಳಿದರು. ಅಕ್ಕ ಕಣ್ಣು ಬಿಟ್ಟು ಮೊದಲು ನನ್ನನ್ನು ನೋಡಿದಳು. ಎರಡು ವರ್ಷದ ಮೇಲಾಯ್ತು ಎಂದಳು. ಚಪ್ಪಲಿ ಕಾಲಿಂದ ಜಾರಿ ಹೋದರೂ ಗೊತ್ತಾಗುವುದಿಲ್ಲವಂತೆ, ನಾಲ್ಕು ಹೆಜ್ಜೆ ನಡೆದ ಮೇಲೆ ಹಿಂತಿರುಗಿ ನೋಡುತ್ತಾಳಂತೆ. ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. ಆಗ ಅವಳಿಗೆ ಸಿಟ್ಟು ವಾಪಸು ಬಂತು.

"ಹೇಳಿದ್ರೆ ಒಲೆ ಮುಂದೆ ನಿಲ್ಲೋಕೆ ಬಿಡ್ತಿದ್ರಾ? ತಮ್ಮ ಕಾಯ್ತಾ ಇದಾನೆ, ಕರೆಂಟ್ ಒಲೆ ತಂದು ಆಳಿಟ್ಟು ಮಾಡಿಸ್ಬೇಕು ಅಂತ. ಆಮೇಲೆ ನಾನೇನು ನಿನ್ನ ಪಕ್ಕ ಕೂತು ನೊಣ ಓಡಿಸ್ಲಾ?"

ಡಾಕ್ಟರು ಬಂದರು. ಪಾದದಲ್ಲಿ ನಾಡಿ ಹುಡುಕಿದರು, ಸಿಕ್ಕಿತು, ರಕ್ತ ಓಡಾಡುತ್ತಿದೆ, ಅದೊಂದು ಪುಣ್ಯ ಎಂದರು. ದಪ್ಪ ಚರ್ಮದ ಅಂಚನ್ನು ಕತ್ತರಿಸಿ ತೆಗೆದಾಗ ಅದರಡಿಯಲ್ಲಿ ಕೂಡಿಕೊಂಡಿದ್ದ ಕೀವು ಹೊರಗೆ ಬಂತು. ಹೊರಗಿನಿಂದ ಸೀಳು ಸಣ್ಣದು, ಒಳಗೆ ಗೂಡೇ ಇತ್ತು. ಸಣ್ಣ ಕಡ್ಡಿ ಹಾಕಿ ಆಳ ನೋಡಿದರು, ಮೂಳೆ ತಾಗಲಿಲ್ಲ. ಕೀವನ್ನು ಪರೀಕ್ಷೆಗೆ ಕಳಿಸಿದರು. ಎಕ್ಸ್‌ರೇ ತೆಗೆಸಿದರು, ಮೂಳೆಗೆ ಹತ್ತಿದ ಗುರುತು ಕಾಣಲಿಲ್ಲ. ಆಸ್ಪತ್ರೆಗೆ ಸೇರಿಸಿ ರಕ್ತನಾಳದಲ್ಲಿ ಔಷಧಿ ಕೊಡಬೇಕು, ಸಕ್ಕರೆ ಇಳಿಯುವವರೆಗೆ ಇನ್ಸುಲಿನ್ ಬೇಕು ಎಂದರು. ಇನ್ನೂ ಎರಡು ದಿನ ನಿಂತು ಬ್ರೆಡ್ ಮಾಡಿದ್ದರೆ ಎಂದು ಕೇಳಿದೆ. ಪಾದ ಉಳಿಯುತ್ತಿತ್ತು ಎಂದು ಹೇಳುವ ಧೈರ್ಯ ನನಗಿರುತ್ತಿರಲಿಲ್ಲ ಎಂದರು. ಇದನ್ನು ಅಕ್ಕನ ಎದುರಿಗೇ ಹೇಳಿದರು. ಅವಳು ಕಾಲನ್ನು ನೋಡಿದ ರೀತಿ, ಬೇರೆ ಯಾರದೋ ಕಾಲನ್ನು ನೋಡುವ ಹಾಗಿತ್ತು.

ಆಸ್ಪತ್ರೆಯಲ್ಲಿ ಪೆನ್ನಿನ ಗೆರೆಯಿಂದ ಕೆಂಪು ಹಿಂದಕ್ಕೆ ಸರಿಯುವುದನ್ನು ನಾನು ದಿನಾ ನೋಡಿದೆ. ತಮ್ಮ ಕಿತ್ತಳೆ ಹಣ್ಣು ಹಿಡಿದುಕೊಂಡು ಬಂದ. ಸಕ್ಕರೆ ಕಾಯಿಲೆಯವಳಿಗೆ ಒಂದು ಬುಟ್ಟಿ ಕಿತ್ತಳೆ. ಹೇಗಿದ್ದೀಯ ಎಂದು ಕೇಳಿದವನು ಎರಡನೇ ಮಾತಿಗೆ, ಯಾವಾಗ ನಿಂತ್ಕೋಬಹುದು ಅಂತೆ ಎಂದ. ಅವನನ್ನು ಮೊಗಸಾಲೆಗೆ ಕರೆದುಕೊಂಡು ಹೋಗಿ ಹೇಳಬೇಕಾದ್ದೆಲ್ಲ ಹೇಳಿದೆ. ನಿನಗೆ ಅವಳ ಕಾಲು ಬೇಕಾಗಿರುವುದು ನಿನ್ನ ಆರ್ಡರ್ ಹೊರುವುದಕ್ಕೆ ಮಾತ್ರ, ಅದೂ ಹೋದರೆ ಕರೆಂಟ್ ಒಲೆ ತರಬಹುದು ಎಂಬ ಲೆಕ್ಕ ಬೇರೆ, ಎಂದೆ. ಅವನು ಅತ್ತ. ಅಳುವವರನ್ನು ಕಂಡರೆ ಕರಗುವವಳು ನಾನಲ್ಲ. ಅಕ್ಕ ನಿಲ್ಲುವವರೆಗೆ ಹಿಟ್ಟು ನೀನೇ ನಾದಬೇಕು, ಎಷ್ಟು ಆಗುತ್ತೋ ಅಷ್ಟೇ ಬ್ರೆಡ್, ಅಷ್ಟೇ ಆರ್ಡರ್ ಎಂದೆ. ನಾದಿದ. ಅವನ ಮೊದಲ ಬ್ರೆಡ್ಡುಗಳನ್ನು ಬೀದಿಯ ನಾಯಿಯೂ ಮೂಸಿ ಬಿಟ್ಟು ಹೋಯಿತು.

ಗಾಯ ಮುಚ್ಚಲು ತಿಂಗಳುಗಳೇ ಹಿಡಿದವು. ಹಿಮ್ಮಡಿಯ ಮೇಲೆ ಒಂದಿಷ್ಟೂ ಭಾರ ಬೀಳಬಾರದೆಂದು ಡಾಕ್ಟರು ಹೇಳಿದ್ದರು, ಅಕ್ಕ ಗಾಲಿಕುರ್ಚಿಯಲ್ಲಿ ಕೂತು ಒಲೆಮನೆಯ ಬಾಗಿಲಿನಿಂದ ತಮ್ಮನನ್ನು ಬೈಯುತ್ತಿದ್ದಳು. ನೀರು ಹೆಚ್ಚಾಯ್ತು, ಉಪ್ಪು ಕಡಿಮೆ, ಅದೇನು ಬೆಕ್ಕನ್ನ ನೀವಿದ ಹಾಗೆ ನೀವ್ತೀಯ. ಹಾಗೂ ಹೀಗೂ ಅವನು ಒಂದು ಮಟ್ಟಿಗೆ ಕಲಿತ. ಅವಳು ಎದ್ದು ನಿಲ್ಲುವ ಹೊತ್ತಿಗೆ ಹಿಂದುಗಡೆ ಮುಚ್ಚಿದ, ಒಳಗೆ ಮೆತ್ತನೆಯ ಅಟ್ಟೆ ಇರುವ ಬೂಟು ಅಳತೆ ಕೊಟ್ಟು ಮಾಡಿಸಿದೆ. ಒಲೆಯಿಂದ ದೂರ ಎತ್ತರದ ಸ್ಟೂಲು ಹಾಕಿದೆ. ಒಲೆಯ ಬಾಯಿಗೆ ತಮ್ಮ, ಹಿಟ್ಟಿಗೆ ಅಕ್ಕ ಎಂದು ನಿರ್ಧಾರವಾಯಿತು. ಅವಳು ಒಪ್ಪಿಕೊಂಡಳು ಎಂದು ಹೇಳಲಾರೆ. ಅಪ್ಪನ ಆ ಉದ್ದ ಹಲಗೆಯನ್ನು ತಮ್ಮನ ಕೈಗೆ ಕೊಡುವಾಗ ಅವಳ ಮುಖ ನೋಡಲಾಗದೆ ನಾನು ಅಂಗಡಿಗೆ ಬಂದುಬಿಟ್ಟೆ.

ಈಗ ಮುಲಾಮು ಹಚ್ಚುವುದು ನನ್ನ ಕೆಲಸ. ಬೆಳಗ್ಗೆ ಒಮ್ಮೆ, ಮಲಗುವ ಮೊದಲು ಒಮ್ಮೆ. ತೊಳೆದು, ಒರೆಸಿ, ಬೆರಳ ಸಂದಿ ಬಿಡಿಸಿ ಬೆಳಕಿಗೆ ಹಿಡಿದು ನೋಡುತ್ತೇನೆ. ಹೊಸ ಬಿರುಕು, ಕೆಂಪು, ಊತ, ಒಸರು, ವಾಸನೆ. ಕೈಯ ಹಿಂಭಾಗದಿಂದ ಎರಡೂ ಕಾಲಿನ ಬಿಸಿ ಹೋಲಿಸುತ್ತೇನೆ. ಏನಾದರೂ ಕಂಡರೆ ಅದೇ ದಿನ ಕ್ಲಿನಿಕ್ಕಿಗೆ, ಮಾರನೇ ದಿನಕ್ಕೆ ಅಲ್ಲ, ಆರ್ಡರ್ ಮುಗಿದ ಮೇಲೆ ಅಂತೂ ಅಲ್ಲವೇ ಅಲ್ಲ. ಅಷ್ಟೂ ಹೊತ್ತು ಅಕ್ಕ ಮುಖ ಆಚೆ ತಿರುಗಿಸಿಕೊಂಡು ಯಾರನ್ನಾದರೂ ಬೈಯುತ್ತಿರುತ್ತಾಳೆ. ತನ್ನ ಕಾಲು ಇನ್ನೊಬ್ಬರ ಕೈಯಲ್ಲಿರುವುದು ಅವಳಿಗೆ ಸೇರುವುದಿಲ್ಲ.

ಮೊನ್ನೆ ಬೆಳಗ್ಗೆ ಅವಳು ಕಿಟಕಿಯ ಕಡೆ ತಿರುಗಿ, ಹಿಟ್ಟಿನ ಮೂಟೆ ಒದ್ದೆಯಾಗಿ ಬಂದಿದೆ ಎಂದು ಮಿಲ್ಲಿನವನಿಗೆ ಶಾಪ ಹಾಕುತ್ತಿದ್ದಳು. ಮಧ್ಯದಲ್ಲಿ ನನ್ನ ಕಡೆಗೂ ಒಂದು ಎಸೆದಳು.

"ಎಷ್ಟು ಹೊತ್ತು ಕಾಲು ಹಿಡ್ಕೊಂಡು ಕೂತಿರ್ತೀಯ? ಹಚ್ಚೋದಿದ್ರೆ ಬೇಗ ಹಚ್ಚು."

ನಾನು ಎರಡನೇ ಕಾಲಿಗೂ ಹಚ್ಚಿ, ಉಜ್ಜಿ, ಕಾಲುಚೀಲ ಏರಿಸುತ್ತಿದ್ದೆ. ಸುಳ್ಳು ಹೇಳಬಹುದಿತ್ತು. ಇನ್ನೊಮ್ಮೆ ಕಾಲುಚೀಲ ತೆಗೆದು ಹಚ್ಚಿದ ಹಾಗೆ ಮಾಡಬಹುದಿತ್ತು, ಅವಳಿಗೆ ತಿಳಿಯುತ್ತಲೂ ಇರಲಿಲ್ಲ. ಆದರೆ ಸುಳ್ಳು ಈ ಮನೆಯಲ್ಲಿ ಒಂದು ಕಾಲನ್ನು ತಿನ್ನಲು ಹೊರಟಿತ್ತು.

"ಮುಗೀತು ಅಕ್ಕ," ಎಂದೆ.

ಅವಳು ತಿರುಗಿ ಕೆಳಗೆ ನೋಡಿದಳು.

"ಎರಡೂನಾ?"

"ಎರಡೂ."

ಬೈಯುತ್ತಾಳೆಂದು ಕಾದೆ. ಬೈಯಲಿ ಎಂದು ಆಸೆಯೂ ಇತ್ತು. ಅವಳು ಬಗ್ಗಿ ತನ್ನ ಕೈಯಿಂದಲೇ ಒಂದು ಹಿಮ್ಮಡಿಯನ್ನು, ಆಮೇಲೆ ಇನ್ನೊಂದನ್ನು ಕಾಲುಚೀಲದ ಮೇಲಿಂದ ಹಿಡಿದು ನೋಡಿದಳು, ಅಲ್ಲಿವೆಯೋ ಇಲ್ಲವೋ ಎಂದು ನೋಡುವ ಹಾಗೆ. ಸುಮಾರು ಹೊತ್ತು ಬಿಡಲಿಲ್ಲ.